ಬಿಲ್ಲಿನ ನಾಲ್ಕು ಪೈಸೆ ರಿಟರ್ನಿನಲ್ಲಿ ಎಲ್ಲಿ ಹೋಯಿತು?

ಜಿಎಸ್‌ಟಿ ಲೆಕ್ಕ ಬರೆಯುವವರಿಗೆ ತಿಂಗಳ ಎರಡನೇ ವಾರ ಬಂತೆಂದರೆ ಒಂದು ತಲೆನೋವು ಖಾಯಂ. ಅಂಗಡಿಯ ಖರೀದಿ ಪುಸ್ತಕದಲ್ಲಿ ಒಂದು ಮೊತ್ತ, ಪೋರ್ಟಲ್‌ನ ಜಿಎಸ್‌ಟಿಆರ್-2ಬಿಯಲ್ಲಿ ಇನ್ನೊಂದು ಮೊತ್ತ. ವ್ಯತ್ಯಾಸ ಎರಡು ಪೈಸೆ, ನಾಲ್ಕು ಪೈಸೆ, ಹೆಚ್ಚೆಂದರೆ ಒಂದು ರೂಪಾಯಿ. ಬಿಲ್ಲನ್ನು ಎಷ್ಟು ಸಲ ಕೂಡಿದರೂ ತಪ್ಪು ಸಿಗುವುದಿಲ್ಲ, ಪೋರ್ಟಲ್‌ನಲ್ಲಿರುವುದನ್ನು ಕೂಡಿದರೆ ಅದೂ ಸರಿಯೇ. ಎರಡೂ ಕಡೆ ಲೆಕ್ಕ ಸರಿ ಇದ್ದೂ ಉತ್ತರ ಬೇರೆ ಬರುತ್ತದೆ. ಲೆಕ್ಕ ಒಂದೇ ಆದರೂ ಪೈಸೆಯನ್ನು ರೌಂಡ್ ಆಫ್ ಮಾಡಿದ ಜಾಗ ಬೇರೆ ಬೇರೆಯಾಗಿರುವುದೇ ಇದಕ್ಕೆ ಕಾರಣ.

ಒಂದು ಬಿಲ್ಲನ್ನೇ ಬಿಡಿಸಿ ನೋಡೋಣ. ದಾವಣಗೆರೆಯ ಹಾರ್ಡ್‌ವೇರ್ ಸಗಟು ವ್ಯಾಪಾರಿಯೊಬ್ಬರು ಹರಿಹರದ ಅಂಗಡಿಗೆ ನಾಲ್ಕು ಬಗೆಯ ಸಾಮಾನು ಕಳಿಸುತ್ತಾರೆ ಎಂದುಕೊಳ್ಳಿ. ಎಲ್ಲಕ್ಕೂ ಶೇ 18 ತೆರಿಗೆ. ಮಾರಾಟ ರಾಜ್ಯದೊಳಗೇ ಆದ್ದರಿಂದ ಶೇ 9 ಸಿಜಿಎಸ್‌ಟಿ, ಶೇ 9 ಎಸ್‌ಜಿಎಸ್‌ಟಿ. ತೆರಿಗೆ ಸೇರದ ಬೆಲೆ ಮತ್ತು ಅದರ ಮೇಲಿನ ಸಿಜಿಎಸ್‌ಟಿ ಹೀಗಿದೆ:

- ಬಾಗಿಲ ಕೀಲು: ₹112.50, ತೆರಿಗೆ 10.125
- ಚಿಲಕ: ₹237.50, ತೆರಿಗೆ 21.375
- ಸ್ಕ್ರೂ: ₹85.50, ತೆರಿಗೆ 7.695
- ಬೀಗ: ₹460.50, ತೆರಿಗೆ 41.445

ನಾಲ್ಕೂ ಸಾಲಿನಲ್ಲಿ ತೆರಿಗೆ ಅರ್ಧ ಪೈಸೆಗೆ ಬಂದು ನಿಂತಿದೆ. ಐವತ್ತು ಪೈಸೆಯಲ್ಲಿ ಕೊನೆಯಾಗುವ ಯಾವ ಬೆಲೆಗೆ ಶೇ 9 ಹಾಕಿದರೂ ಹೀಗೆಯೇ ಆಗುತ್ತದೆ. ಬಿಲ್ಲಿನಲ್ಲಿ ಅರ್ಧ ಪೈಸೆ ಬರೆಯುವ ರೂಢಿಯಿಲ್ಲ. ಅರ್ಧ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೇಲಕ್ಕೆ ಏರಿಸಬೇಕು ಎಂಬ ಸಾಮಾನ್ಯ ನಿಯಮದಂತೆ ಬಿಲ್ಲಿಂಗ್ ಸಾಫ್ಟ್‌ವೇರ್ ಪ್ರತಿ ಸಾಲನ್ನೂ ಏರಿಸುತ್ತದೆ. ಹೀಗೆ 10.13, 21.38, 7.70 ಮತ್ತು 41.45 ಕೂಡಿ ₹80.66 ಆಗುತ್ತದೆ.

ಈಗ ಅದೇ ಲೆಕ್ಕವನ್ನು ಇನ್ನೊಂದು ದಾರಿಯಲ್ಲಿ ಮಾಡಿ. ಮೊದಲು ನಾಲ್ಕೂ ಬೆಲೆ ಕೂಡಿದರೆ ಸರಿಯಾಗಿ ₹896. ಅದರ ಶೇ 9 ಎಂದರೆ ₹80.64. ಇಲ್ಲಿ ರೌಂಡ್ ಆಫ್ ಮಾಡಲು ಏನೂ ಉಳಿದೇ ಇಲ್ಲ. ಮೊದಲಿನ ದಾರಿಗೂ ಇದಕ್ಕೂ ಎರಡು ಪೈಸೆ ವ್ಯತ್ಯಾಸ. ಎಸ್‌ಜಿಎಸ್‌ಟಿಯಲ್ಲೂ ಅಷ್ಟೇ, ಒಟ್ಟು ನಾಲ್ಕು ಪೈಸೆ. ಇದೇ ಸಾಮಾನು ಹರಿಹರದ ಬದಲು ಗೋವಾಕ್ಕೆ ಹೋಗಿದ್ದರೆ ಶೇ 18 ಐಜಿಎಸ್‌ಟಿ ಒಂದೇ ಬೀಳುತ್ತಿತ್ತು. ಆಗ ಸಾಲುಗಳ ತೆರಿಗೆ 20.25, 42.75, 15.39 ಮತ್ತು 82.89. ಅರ್ಧ ಪೈಸೆ ಎಲ್ಲೂ ಇಲ್ಲ, ಒಟ್ಟು ₹161.28, ಯಾವ ದಾರಿಯಲ್ಲಿ ಹೋದರೂ ಅಷ್ಟೇ. ಅಂದರೆ ಇಲ್ಲಿ ಪೈಸೆ ಒಡೆದದ್ದು ತೆರಿಗೆಯನ್ನು ಎರಡು ಪಾಲು ಮಾಡಿದ್ದರಿಂದ.

ಗಿರಾಕಿ ಕೊಡುವ ಹಣದಲ್ಲಿ ಇದು ಕಾಣಿಸುವುದೇ ಇಲ್ಲ. ಒಂದು ಲೆಕ್ಕದಲ್ಲಿ ಬಿಲ್ ₹1,057.32, ಇನ್ನೊಂದರಲ್ಲಿ ₹1,057.28. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ ಕೊನೆಗೇ ಮುಗಿದಿದೆ. ಹಾಗಾಗಿ ಬಿಲ್ಲಿನ ಕೊನೆಯಲ್ಲಿ 'ರೌಂಡ್ ಆಫ್' ಎಂಬ ಸಾಲು ಹಾಕಿ ಮೊತ್ತವನ್ನು ₹1,057ಕ್ಕೆ ಇಳಿಸುತ್ತಾರೆ. ಎರಡು ಬಿಲ್ಲಿಗೂ ಗಿರಾಕಿ ಕೊಡುವುದು ಒಂದೇ ಮೊತ್ತ, ಆದರೆ ಒಳಗಿನ ತೆರಿಗೆ ಬೇರೆ. ಎಷ್ಟೋ ಅಂಗಡಿಗಳಲ್ಲಿ ಈ ವ್ಯತ್ಯಾಸ ರಿಟರ್ನ್ ಹಾಕುವವರೆಗೆ ಗೊತ್ತಾಗದಿರುವುದು ಇದರಿಂದಲೇ.

ರಿಟರ್ನಿನಲ್ಲಿ ಅದು ಹೊರಬೀಳಲು ಕಾರಣವಿದೆ. ಮಾರಿದವರು ಸಲ್ಲಿಸುವ ಜಿಎಸ್‌ಟಿಆರ್-1ರಲ್ಲಿ ನೋಂದಾಯಿತ ವ್ಯಾಪಾರಿಗೆ ಕೊಟ್ಟ ಪ್ರತಿ ಬಿಲ್ ದಾಖಲಾಗುತ್ತದೆ, ಆದರೆ ಬಿಲ್ಲಿನ ಪ್ರತಿ ಸಾಲು ದಾಖಲಾಗುವುದಿಲ್ಲ. ತೆರಿಗೆ ದರ ಒಂದೇ ಇರುವ ಸಾಮಾನುಗಳನ್ನೆಲ್ಲ ಸೇರಿಸಿ ಒಂದು ಮೊತ್ತವಾಗಿ ಕೊಡಬೇಕು. ಪೋರ್ಟಲ್‌ನಲ್ಲಿ ಶೇ 18ರ ಎದುರು 896 ಎಂದು ಕೈಯಿಂದ ತುಂಬಿದರೆ ತೆರಿಗೆಯ ಖಾನೆಯಲ್ಲಿ 80.64 ತಾನಾಗಿ ಬಂದು ಕೂರುತ್ತದೆ. ತುಂಬುವವರು ಅದನ್ನು ಹಾಗೇ ಬಿಟ್ಟರೆ ಹರಿಹರದ ಅಂಗಡಿಯ ಜಿಎಸ್‌ಟಿಆರ್-2ಬಿಗೆ ಹೋಗುವುದೂ 80.64. ಅವರ ಕೈಯಲ್ಲಿರುವ ಬಿಲ್ಲಿನಲ್ಲಿ ಮಾತ್ರ 80.66 ಇದೆ.

ಎಕ್ಸೆಲ್‌ನಲ್ಲಿ ಲೆಕ್ಕ ಇಡುವವರಿಗೆ ಇದೇ ಸಮಸ್ಯೆ ಇನ್ನೊಂದು ರೂಪದಲ್ಲಿ ಬರುತ್ತದೆ. ಖಾನೆಗೆ ಎರಡು ದಶಮಾಂಶದ ಫಾರ್ಮ್ಯಾಟ್ ಹಾಕಿದ್ದರೆ 10.125 ಎಂಬುದು 10.13 ಎಂದು ಕಾಣುತ್ತದೆ, ಒಳಗೆ ಮಾತ್ರ 10.125 ಆಗಿಯೇ ಉಳಿದಿರುತ್ತದೆ. ಕಣ್ಣಿಗೆ ಕಾಣುವ ನಾಲ್ಕು ಅಂಕಿಗಳನ್ನು ಕ್ಯಾಲ್ಕುಲೇಟರಿನಲ್ಲಿ ಕೂಡಿದರೆ 80.66, ಅದೇ ಹಾಳೆಯ ಕೆಳಗಿನ ಮೊತ್ತ 80.64. ಸಾಲಿನ ಮಟ್ಟದಲ್ಲಿ ನಿಜಕ್ಕೂ ರೌಂಡ್ ಆಫ್ ಆಗಬೇಕಾದರೆ ಸೂತ್ರದಲ್ಲೇ ಅದನ್ನು ಹೇಳಬೇಕು:

```
=ROUND(A2*9%,2)
```

ತೆರಿಗೆ ಸೇರಿಸಿದ ಬೆಲೆಗೆ ಮಾರುವ ಕಿರಾಣಿ ಅಂಗಡಿಯಲ್ಲಿ ಲೆಕ್ಕ ಹಿಂದಿನಿಂದ ಮುಂದಕ್ಕೆ ಬರುತ್ತದೆ. ₹20 ಎಂಆರ್‌ಪಿಯ ಬಿಸ್ಕತ್ತಿನ ಪೊಟ್ಟಣಕ್ಕೆ ಶೇ 5 ತೆರಿಗೆ. ಇಪ್ಪತ್ತನ್ನು 1.05ರಿಂದ ಭಾಗಿಸಿದರೆ ಮೂಲ ಬೆಲೆ 19.0476, ಅಂದರೆ ₹19.05. ಎರಡೂ ತೆರಿಗೆಗಳು ತಲಾ 0.476, ಅಂದರೆ ತಲಾ 48 ಪೈಸೆ. ಮೂರನ್ನೂ ಕೂಡಿದರೆ ₹20.01. ಎಂಆರ್‌ಪಿಗಿಂತ ಒಂದು ಪೈಸೆಯನ್ನೂ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ಆದ್ದರಿಂದ ಆ ಪೈಸೆಯನ್ನು ಎಲ್ಲಾದರೂ ಕಳೆಯಲೇಬೇಕು. ಕೆಲವು ಸಾಫ್ಟ್‌ವೇರ್ ಮೂಲ ಬೆಲೆಯನ್ನು 19.04ಕ್ಕೆ ಇಳಿಸುತ್ತದೆ, ಕೆಲವು ರೌಂಡ್ ಆಫ್ ಸಾಲಿಗೆ ಹಾಕುತ್ತದೆ. ಹತ್ತು ಪೊಟ್ಟಣವನ್ನು ಒಂದೇ ಸಾಲಿನಲ್ಲಿ ಬಿಲ್ ಮಾಡಿದರೆ 190.48, 4.76 ಮತ್ತು 4.76 ಸೇರಿ ಸರಿಯಾಗಿ ₹200 ಆಗುತ್ತದೆ. ಒಂದೊಂದಾಗಿ ಹತ್ತು ಬಿಲ್ ಮಾಡಿದರೆ ಹತ್ತು ಪೈಸೆ ಹೆಚ್ಚುವರಿ ಹುಟ್ಟಿಕೊಳ್ಳುತ್ತದೆ.

ಕಾನೂನು ಇದರ ಬಗ್ಗೆ ಏನು ಹೇಳುತ್ತದೆ? 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ ಕಟ್ಟಬೇಕಾದ ತೆರಿಗೆ, ಬಡ್ಡಿ, ದಂಡ ಮತ್ತು ಮರುಪಾವತಿಯನ್ನು ಹತ್ತಿರದ ರೂಪಾಯಿಗೆ ತರಬೇಕು. ಐವತ್ತು ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿ, ಕಡಿಮೆಯಿದ್ದರೆ ಬಿಟ್ಟುಬಿಡುವುದು. ಬಿಲ್ಲಿನ ಒಂದೊಂದು ಸಾಲಿನ ಪೈಸೆಯನ್ನು ಹೇಗೆ ಹಿಡಿಯಬೇಕು ಎಂದು ಆ ಸೆಕ್ಷನ್ ಹೇಳುವುದಿಲ್ಲ. ಆದ್ದರಿಂದ ಬಿಲ್ಲಿನಲ್ಲಿ ತೆರಿಗೆಯನ್ನು ಪೈಸೆಯವರೆಗೆ ತೋರಿಸಿ, ತಿಂಗಳ ಕೊನೆಗೆ ಜಿಎಸ್‌ಟಿಆರ್-3ಬಿಯಲ್ಲಿ ಕಟ್ಟುವಾಗ ರೂಪಾಯಿಗೆ ತರುವುದು ಸಾಮಾನ್ಯ ರೂಢಿ. ಅಲ್ಲಿ ಮತ್ತೊಂದು ಚಿಕ್ಕ ವ್ಯತ್ಯಾಸ ಹುಟ್ಟುತ್ತದೆ. ತಿಂಗಳ ಸಿಜಿಎಸ್‌ಟಿ ₹48,217.50, ಎಸ್‌ಜಿಎಸ್‌ಟಿಯೂ ಅಷ್ಟೇ ಇದ್ದರೆ ಎರಡರ ಮೊತ್ತ ಸರಿಯಾಗಿ ₹96,435. ಆದರೆ ಎರಡು ತೆರಿಗೆಯೂ ಬೇರೆ ಬೇರೆಯಾಗಿ ರೂಪಾಯಿಗೆ ಏರುವುದರಿಂದ ಕಟ್ಟುವುದು ₹96,436. ಪುಸ್ತಕದಲ್ಲಿ ಆ ಒಂದು ರೂಪಾಯಿಗೆ ಜಾಗ ಕೊಡದಿದ್ದರೆ ತೆರಿಗೆ ಖಾತೆ ಎಂದೂ ಸೊನ್ನೆಗೆ ಬರುವುದಿಲ್ಲ.

ಇಷ್ಟು ತಿಳಿದ ಮೇಲೆ ನಿಜವಾಗಿ ಉಪಯೋಗಕ್ಕೆ ಬರುವ ಸಂಗತಿ ಒಂದಿದೆ: ರೌಂಡ್ ಆಫ್ ವ್ಯತ್ಯಾಸಕ್ಕೆ ಮಿತಿಯಿದೆ, ಆ ಮಿತಿಯನ್ನು ಮೊದಲೇ ಲೆಕ್ಕ ಹಾಕಬಹುದು. ಪೈಸೆಗೆ ರೌಂಡ್ ಆಫ್ ಮಾಡಿದ ಒಂದು ಸಾಲು ಅರ್ಧ ಪೈಸೆಗಿಂತ ಹೆಚ್ಚು ಆಚೀಚೆ ಆಗಲಾರದು. ನಾಲ್ಕು ಸಾಲಿನ ಬಿಲ್ಲಿನಲ್ಲಿ ಸಿಜಿಎಸ್‌ಟಿ ಹೆಚ್ಚೆಂದರೆ ಎರಡು ಪೈಸೆ ತಪ್ಪಬಹುದು. ನಮ್ಮ ಬಿಲ್ ಸರಿಯಾಗಿ ಆ ಮಿತಿಗೆ ಬಂದು ನಿಂತಿದೆ. ಒಟ್ಟು ಮೊತ್ತವನ್ನೂ ರೌಂಡ್ ಆಫ್ ಮಾಡಬೇಕಾಗಿ ಬಂದರೆ ಇನ್ನೊಂದು ಅರ್ಧ ಪೈಸೆ ಸೇರುತ್ತದೆ. ತಿಂಗಳಿಗೆ ಇಂಥ 3,000 ಬಿಲ್ ಎಂದರೆ 12,000 ಸಾಲು, ಅಂದರೆ ಒಂದು ತೆರಿಗೆಯಲ್ಲಿ ಸುಮಾರು ₹60 ಗರಿಷ್ಠ. ಅಷ್ಟಾಗುವುದೂ ಅಪರೂಪ. ಸಾಮಾನ್ಯವಾಗಿ ಕೆಲವು ಸಾಲು ಏರಿ ಕೆಲವು ಇಳಿದು ಒಂದನ್ನೊಂದು ಹೊಡೆದುಹಾಕುತ್ತವೆ. ಬೆಲೆಗಳೆಲ್ಲ ಐವತ್ತು ಪೈಸೆಗೆ ನಿಂತಾಗ ಮಾತ್ರ ಎಲ್ಲವೂ ಮೇಲಕ್ಕೇ ಹೋಗುತ್ತವೆ.

ಈ ಮಿತಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಅಂಥ ಅಂಗಡಿಯಲ್ಲಿ ಸಿಜಿಎಸ್‌ಟಿ ವ್ಯತ್ಯಾಸ ₹22 ಇದ್ದರೆ ಅದು ಪೈಸೆಗಳದ್ದಿರಬಹುದು. ₹430 ಇದ್ದರೆ ಖಂಡಿತ ಅಲ್ಲ. ಒಂದು ಬಿಲ್ ಬಿಟ್ಟುಹೋಗಿರಬೇಕು, ದರ ತಪ್ಪಿರಬೇಕು, ಇಲ್ಲವೇ ರೌಂಡ್ ಆಫ್ ಮೊತ್ತವನ್ನೇ ಯಾರೋ ತೆರಿಗೆ ಬೀಳುವ ಬೆಲೆಗೆ ಸೇರಿಸಿರಬೇಕು. ಇನ್ನೊಂದು ಗುರುತೂ ಇದೆ. ಪೈಸೆಯ ವ್ಯತ್ಯಾಸ ನೂರಾರು ಬಿಲ್ಲಿನಲ್ಲಿ ಚೂರು ಚೂರಾಗಿ ಹರಡಿರುತ್ತದೆ, ನಿಜವಾದ ತಪ್ಪು ಒಂದೆರಡು ಬಿಲ್ಲಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಹಾಗಾಗಿ ತಿಂಗಳ ಮೊತ್ತವನ್ನಷ್ಟೇ ನೋಡಿದರೆ ಸಾಲದು. ಒಂದು ಬಿಲ್ಲಿನಲ್ಲಿ ₹500 ಹೆಚ್ಚಾಗಿ ಇನ್ನೊಂದರಲ್ಲಿ ₹478 ಕಡಿಮೆಯಾಗಿದ್ದರೂ ಕೊನೆಗೆ ಉಳಿಯುವುದು ಅದೇ ₹22.

ಸರ್ಕಾರದ ವ್ಯವಸ್ಥೆಯೂ ಇಂಥ ಸಣ್ಣ ವ್ಯತ್ಯಾಸಕ್ಕೆ ಜಾಗ ಬಿಟ್ಟಿದೆ. ವಹಿವಾಟು ₹5 ಕೋಟಿ ದಾಟಿದವರಿಗೆ ಕಡ್ಡಾಯವಾಗಿರುವ ಇ-ಇನ್‌ವಾಯ್ಸ್‌ನಲ್ಲಿ ತೆರಿಗೆ ಮೊತ್ತ ಒಂದು ರೂಪಾಯಿಯವರೆಗೆ ಆಚೀಚೆ ಇದ್ದರೂ ಬಿಲ್ ತಿರಸ್ಕೃತವಾಗುವುದಿಲ್ಲ. ಜೊತೆಗೆ ಆ ಬಿಲ್ಲಿನ ಅಂಕಿಗಳೇ ಜಿಎಸ್‌ಟಿಆರ್-1ಕ್ಕೆ ಹರಿದುಬರುವುದರಿಂದ ಕೈಯಿಂದ ತುಂಬುವಾಗ ಹುಟ್ಟುವ ವ್ಯತ್ಯಾಸ ಅಲ್ಲಿ ಇರುವುದಿಲ್ಲ. ಜಿಎಸ್‌ಟಿಆರ್-1 ಮತ್ತು 3ಬಿ ನಡುವಿನ ವ್ಯತ್ಯಾಸಕ್ಕೆ ನಿಯಮ 88ಸಿ ಅಡಿ ಪೋರ್ಟಲ್ ಕಳಿಸುವ ಸೂಚನೆಯೂ ನಿಗದಿತ ಮೊತ್ತ ಮತ್ತು ಶೇಕಡಾವಾರು ಮಿತಿ ದಾಟಿದರೆ ಮಾತ್ರ ಬರುತ್ತದೆ. ಅದು ಪೈಸೆಗಾಗಿ ಬರುವ ಸೂಚನೆಯಲ್ಲ.

ಮಾರುವವರು ಮಾಡಬೇಕಾದ್ದು ಇಷ್ಟು: ಬಿಲ್ಲಿನಲ್ಲಿ ಒಂದೇ ದರದ ಸಾಮಾನುಗಳ ಬೆಲೆ ಕೂಡಿದ ಮೇಲೆ ತೆರಿಗೆ ಲೆಕ್ಕ ಹಾಕುವಂತೆ ಸಾಫ್ಟ್‌ವೇರ್ ಹೊಂದಿಸುವುದು. ಜಿಎಸ್‌ಟಿಆರ್-1 ಕೇಳುವುದೂ ಅದೇ ರೂಪವನ್ನು. ಅದು ಆಗದಿದ್ದರೆ ಬಿಲ್ಲಿನಲ್ಲಿ ಅಚ್ಚಾದ ತೆರಿಗೆಯನ್ನೇ ರಿಟರ್ನಿಗೆ ಕಳಿಸುವುದು, ಪೋರ್ಟಲ್ ತಾನಾಗಿ ತುಂಬಿದ್ದನ್ನು ಹಾಗೇ ಬಿಡದಿರುವುದು. ಕೊಳ್ಳುವವರು 2ಬಿಯಲ್ಲಿ ಕಾಣುವ ₹80.64 ಅನ್ನೇ ಕ್ರೆಡಿಟ್ ತೆಗೆದುಕೊಂಡು ಉಳಿದ ಪೈಸೆಯನ್ನು ರೌಂಡ್ ಆಫ್ ಖಾತೆಗೆ ಹಾಕಿದರೆ ಸಾಕು. ನಾಲ್ಕು ಪೈಸೆಗಾಗಿ ಬಿಲ್ ತಿದ್ದಿ ಕಳಿಸಿ ಎಂದು ಮಾರಿದವರ ಬೆನ್ನು ಹತ್ತಬೇಕಿಲ್ಲ.

ಆದರೆ ಆ ರೌಂಡ್ ಆಫ್ ಖಾತೆಯ ಮೇಲೆ ಕಣ್ಣಿಡಬೇಕು. ಹೊಂದಿಕೆಯಾಗದ ಪ್ರತಿಯೊಂದನ್ನೂ ಅಲ್ಲಿಗೆ ತಳ್ಳುವ ಅಭ್ಯಾಸ ಬೆಳೆದರೆ ಬಿಟ್ಟುಹೋದ ಬಿಲ್ಲೂ, ತಪ್ಪು ದರವೂ ಅದರೊಳಗೇ ಸೇರಿ ಮರೆಯಾಗುತ್ತವೆ. ತಿಂಗಳಿಗೊಮ್ಮೆ ಆ ಖಾತೆಯ ಮೊತ್ತವನ್ನು ಸಾಲುಗಳ ಲೆಕ್ಕದಿಂದ ಬಂದ ಮಿತಿಯ ಪಕ್ಕದಲ್ಲಿಟ್ಟು ನೋಡಿ. ಅಂಗಡಿ ಎರಡು ತಿಂಗಳೂ ಅಷ್ಟೇ ವ್ಯಾಪಾರ ಮಾಡಿದ್ದು ಖಾತೆ ಮಾತ್ರ ದುಪ್ಪಟ್ಟಾಗಿದ್ದರೆ, ಅದರಲ್ಲಿ ಪೈಸೆಯಲ್ಲದ್ದು ಏನೋ ಸೇರಿದೆ. ಅದನ್ನು ಹುಡುಕಿ ಹೊರತೆಗೆಯುವುದು ಆ ತಿಂಗಳ ರಿಟರ್ನ್ ಹಾಕುವ ಮೊದಲೇ ಆಗಬೇಕಾದ ಕೆಲಸ.