ಸಾಲು ತುಂಡಾಗುವ ಜಾಗ

ದಾವಣಗೆರೆಯಲ್ಲಿರುವ ನನ್ನ ಅಕ್ಕನ ಮಗಳು ಆರು ವರ್ಷದಿಂದ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಅಕೌಂಟೆಂಟ್. ಬೆಂಗಳೂರಿನಲ್ಲಿ ಕೆಲಸ ಹುಡುಕಲೆಂದು ಲಿಂಕ್ಡ್‌ಇನ್‌ನಲ್ಲಿ ಪ್ರೊಫೈಲ್ ಮಾಡಿ, ಎರಡು ತಿಂಗಳಾದರೂ ಯಾರೂ ಮಾತಾಡಿಸಲಿಲ್ಲವೆಂದು ಬೇಸರಪಟ್ಟುಕೊಂಡಿದ್ದಳು. ಯುಗಾದಿಗೆ ಹೋದಾಗ ಅವಳ ಲ್ಯಾಪ್‌ಟಾಪ್‌ನಲ್ಲಿ ನೋಡಿದೆ. ಚೆನ್ನಾಗಿಯೇ ಇತ್ತು. ಆಮೇಲೆ ನನ್ನ ಫೋನಿನಲ್ಲಿ ಅವಳ ಹೆಸರು ಹಾಕಿ ಹುಡುಕಿದೆ. ಹೆಸರಿನ ಕೆಳಗೆ ‘ಹಾರ್ಡ್‌ವರ್ಕಿಂಗ್ ಅಂಡ್ ಡೆಡಿಕೇಟೆಡ್ ಪ್ರೊಫೆಷನಲ್ ಸೀಕಿಂಗ್ ಎ ಚಾಲೆಂಜಿಂಗ್’ ಎಂದು ಬಂದು, ಅಲ್ಲಿಗೆ ಮೂರು ಚುಕ್ಕಿ. ಅಕೌಂಟೆಂಟ್ ಎಂಬ ಪದ ಆ ಚುಕ್ಕಿಗಳ ಆಚೆ ಉಳಿದುಬಿಟ್ಟಿತ್ತು.

ಹೆಸರಿನ ಕೆಳಗಿನ ಆ ಸಾಲಿಗೆ ಹೆಡ್‌ಲೈನ್ ಎನ್ನುತ್ತಾರೆ. ಅದರಲ್ಲಿ 220 ಅಕ್ಷರ ಬರೆಯಬಹುದು. ನಮ್ಮನ್ನು ದಾರಿ ತಪ್ಪಿಸುವುದೂ ಇದೇ ಅಳತೆ. ಪ್ರೊಫೈಲ್ ತೆರೆದವರಿಗೆ ಸಾಲು ಪೂರ್ತಿ ಕಾಣಬಹುದು. ಆದರೆ ಅದಕ್ಕೂ ಮೊದಲು ಅದು ಹುಡುಕಾಟದ ಪಟ್ಟಿಯಲ್ಲಿ, ನಾವು ಹಾಕಿದ ಕಾಮೆಂಟಿನ ತಲೆಯ ಮೇಲೆ, ಪರಿಚಯ ಕೋರಿ ಕಳಿಸಿದ ವಿನಂತಿಯಲ್ಲಿ ಕಾಣಿಸುತ್ತದೆ. ಫೋನಿನಲ್ಲಿ ಅಲ್ಲೆಲ್ಲ ಒಂದೆರಡು ಸಾಲಿಗಷ್ಟೇ ಜಾಗ. ಹತ್ತಾರು ಹೆಸರುಗಳ ಮೇಲೆ ಬೆರಳು ಜಾರಿಸುತ್ತ ಹೋಗುವ ನೇಮಕಾತಿಯವರು ಯಾರ ಪ್ರೊಫೈಲ್ ಒತ್ತಬೇಕೆಂದು ತೀರ್ಮಾನಿಸುವುದು ಆ ತುಂಡನ್ನು ಓದಿಯೇ. ದೊಡ್ಡ ಕಂಪನಿಗಳವರು ಕಂಪ್ಯೂಟರಿನಲ್ಲಿ ಕೂತು ಸೋಸುವುದೂ ಉಂಟು. ಅಲ್ಲಿಯೂ ಕಣ್ಣಿಗೆ ಮೊದಲು ಬೀಳುವುದು ಪಟ್ಟಿಯೇ.

ಹಾಗಾಗಿ ಹುದ್ದೆಯ ಹೆಸರನ್ನು ಮೊದಲ ಪದವಾಗಿ ತಂದೆವು: ‘ಅಕೌಂಟೆಂಟ್, ಜಿಎಸ್‌ಟಿ ಮತ್ತು ಟಿಡಿಎಸ್, ಟ್ಯಾಲಿ ಪ್ರೈಮ್, 6 ವರ್ಷ’. ‘ಬೆಂಗಳೂರಿಗೆ ಬರಲು ಸಿದ್ಧ’ ಎಂಬುದನ್ನು ಕೊನೆಗೆ ಸೇರಿಸಿದೆವು, ತುಂಡಾದರೂ ನಷ್ಟವಿಲ್ಲವೆಂದು.

ಮುಂದಿನದು ‘ಅಬೌಟ್’ ಭಾಗ. ಇಲ್ಲಿ 2,600 ಅಕ್ಷರಕ್ಕೆ ಅವಕಾಶವಿದೆ. ಆದರೆ ಫೋನಿನಲ್ಲಿ ಮೊದಲ ಮೂರ್ನಾಲ್ಕು ಸಾಲು ತೋರಿಸಿ, ಉಳಿದದ್ದನ್ನು ‘ಸೀ ಮೋರ್’ ಹಿಂದೆ ಮಡಚಿಡುತ್ತದೆ. ಅವಳು ಮೊದಲ ಸಾಲಿನಲ್ಲಿ ‘ನನ್ನ ಪ್ರೊಫೈಲಿಗೆ ಸ್ವಾಗತ’ ಎಂದು ಬರೆದು, ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದಳು. ಖಾಲಿ ಸಾಲೂ ಲೆಕ್ಕಕ್ಕೆ ಬರುತ್ತದೆ. ಸ್ವಾಗತವೂ ಆ ಖಾಲಿ ಜಾಗವೂ ಸೇರಿ ಕಾಣುವ ಭಾಗದ ಅರ್ಧವನ್ನು ತಿಂದಿದ್ದವು.

“ಬೆಳಿಗ್ಗೆ ಆಫೀಸಿಗೆ ಹೋದರೆ ಏನು ಮಾಡ್ತೀಯಮ್ಮ?” ಎಂದು ಕೇಳಿದೆ.

“ತಿಂಗಳಿಗೆ ನಲವತ್ತು ಪಾರ್ಟಿಗಳ ರಿಟರ್ನ್ಸ್ ನಾನೇ ಫೈಲ್ ಮಾಡೋದು ಚಿಕ್ಕಮ್ಮ. ಖರೀದಿ ಬಿಲ್ಲುಗಳನ್ನ 2ಬಿ ಜೊತೆ ತಾಳೆ ಹಾಕ್ತೀನಿ. ಬಿಟ್ಟುಹೋಗಿದ್ರೆ ಸಪ್ಲೈಯರ್‌ಗೆ ಫೋನ್ ಮಾಡಿ ಹಾಕಿಸ್ತೀನಿ.”

ಇದೇ ಮಾತನ್ನು ಇಂಗ್ಲಿಷಿಗೆ ತಂದು ಮೊದಲ ಸಾಲಾಗಿ ಇಟ್ಟೆವು. ಮಾರಾಟಗಾರರು ಸರ್ಕಾರಕ್ಕೆ ತೋರಿಸಿದ ಬಿಲ್ಲುಗಳ ಪಟ್ಟಿ ಈ 2ಬಿ. ಅದು ಖರೀದಿ ಪುಸ್ತಕಕ್ಕೆ ತಾಳೆಯಾಗದಿದ್ದರೆ ಕಟ್ಟಿದ ತೆರಿಗೆ ವಾಪಸು ಹೊಂದಾಣಿಕೆಯಾಗುವುದಿಲ್ಲ. ಲೆಕ್ಕದವರನ್ನು ಹುಡುಕುತ್ತಿರುವ ಯಾರಿಗಾದರೂ ಈ ಒಂದು ವಾಕ್ಯದಲ್ಲಿ ಅವಳ ಕೆಲಸ ಗೊತ್ತಾಗುತ್ತದೆ. ಹಳೆಯ ಬರಹದಲ್ಲಿದ್ದ ಸಾಫ್ಟ್‌ವೇರ್‌ಗಳ, ಕೋರ್ಸುಗಳ ಹೆಸರುಗಳನ್ನು ಅಳಿಸಲಿಲ್ಲ, ಕೆಳಕ್ಕೆ ಸರಿಸಿದೆವು. ಮಡಚಿಟ್ಟ ಭಾಗ ಕಣ್ಣಿಗೆ ಕಾಣದಿದ್ದರೂ ಅಲ್ಲಿನ ಪದಗಳು ಹುಡುಕಾಟಕ್ಕೆ ಸಿಗಬಹುದು.

ಇನ್ನು ಪರೀಕ್ಷೆ. ಸ್ವಂತ ಖಾತೆಯಲ್ಲಿ ನೋಡಿಕೊಂಡರೆ ಸಾಲದು. ನಮ್ಮದೇ ಪ್ರೊಫೈಲ್ ನಮಗೆ ತಿದ್ದುವ ಗುರುತು, ಸಲಹೆಗಳ ಪೆಟ್ಟಿಗೆ ಎಲ್ಲ ಸೇರಿಸಿ ಬೇರೆ ರೀತಿ ಕಾಣುತ್ತದೆ. ಲಾಗಿನ್ ಇಲ್ಲದೆ ಬ್ರೌಸರಿನಲ್ಲಿ ತೆರೆದರೆ ಬರುವುದು ಮತ್ತೊಂದು ರೂಪ. ಇನ್ನೊಬ್ಬರ ಫೋನಿನಲ್ಲಿ, ಅವರ ಖಾತೆಯಿಂದ ಹೆಸರು ಹುಡುಕಿಸುವುದೇ ಸರಿ. ಪಟ್ಟಿಯಲ್ಲಿ ಸಾಲು ಎಲ್ಲಿ ತುಂಡಾಯಿತು ಎಂದು ಮೊದಲು ನೋಡಿ. ಆಮೇಲೆ ಪ್ರೊಫೈಲ್ ತೆರೆಸಿ, ಹತ್ತು ಸೆಕೆಂಡಿಗೆ ಫೋನ್ ಕೆಳಗಿಡಿಸಿ, ‘ಇವರ ಕೆಲಸವೇನು?’ ಎಂದು ಕೇಳಿ. ಉತ್ತರ ತಡವರಿಸಿದರೆ ಮೊದಲ ಸಾಲನ್ನೇ ತಿದ್ದಬೇಕು. ಹಾಗೆಯೇ ಮೇಲಿನ ಅಗಲ ಚಿತ್ರದ ಎಡಭಾಗವನ್ನೂ ಗಮನಿಸಿ. ಫೋನಿನಲ್ಲಿ ಮುಖದ ದುಂಡು ಫೋಟೊ ಅದರ ಮೇಲೆಯೇ ಕೂರುವುದರಿಂದ ಅಲ್ಲಿ ಬರೆದ ಅಕ್ಷರ ಮುಚ್ಚಿಹೋಗುತ್ತದೆ.

ನಾವು ಭಾವನ ಫೋನ್ ತೆಗೆದುಕೊಂಡೆವು. ಕಣ್ಣು ಮಂಜೆಂದು ಅವರು ಅಕ್ಷರ ದೊಡ್ಡದು ಮಾಡಿಕೊಂಡಿದ್ದಾರೆ. ಅದರಲ್ಲಿ ಹೊಸ ಹೆಡ್‌ಲೈನ್ ‘ಟ್ಯಾಲಿ’ ಹತ್ತಿರ ತುಂಡಾಯಿತು, ಆರು ವರ್ಷದ ಅನುಭವ ಮರೆಯಾಯಿತು. ಅವಳು ಅಲ್ಲೇ ಕೂತು ‘6 ವರ್ಷ’ವನ್ನು ಅಕೌಂಟೆಂಟ್ ಪಕ್ಕಕ್ಕೆ ತಂದು, ಫೋನನ್ನು ಮತ್ತೆ ಅಪ್ಪನ ಕೈಗೆ ಕೊಟ್ಟಳು.