ಎನ್ನಾರೈ ಮೆಡಿಕಲ್ ಸೀಟು ‘ಗ್ಯಾರಂಟಿ’ ಎನ್ನುವವರ ಮಾತು ನಂಬುವ ಮುನ್ನ



ಪ್ರತಿ ವರ್ಷ ನೀಟ್ ಫಲಿತಾಂಶ ಬಂದ ಮರುದಿನದಿಂದಲೇ ಕೊಲ್ಲಿ ದೇಶಗಳಲ್ಲಿರುವ ನಮ್ಮ ಅನೇಕ ಕುಟುಂಬಗಳಿಗೆ ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಅಪರಿಚಿತರ ಫೋನು ಬರತೊಡಗುತ್ತದೆ. “ನಿಮ್ಮ ಮಗಳಿಗೆ ಎನ್ನಾರೈ ಕೋಟಾದಲ್ಲಿ ಎಂ.ಬಿ.ಬಿ.ಎಸ್. ಸೀಟು ಗ್ಯಾರಂಟಿ, ಮ್ಯಾನೇಜ್‌ಮೆಂಟ್ ನಮಗೆ ಗೊತ್ತಿರುವವರೇ, ಈಗ ಟೋಕನ್ ಕಟ್ಟಿದರೆ ಸಾಕು” ಎಂಬ ಧಾಟಿಯ ಮಾತು. ಊರಿನ ವ್ಯವಹಾರ ದೂರದಿಂದ ತಿಳಿಯದು, ರಜೆ ಸಿಗುವುದು ಕಷ್ಟ, ಮಕ್ಕಳ ಭವಿಷ್ಯದ ಚಿಂತೆ ಬೇರೆ. ಹೀಗಾಗಿ ಓದಿದವರೂ ಈ ಮಾತಿಗೆ ಮರುಳಾಗುತ್ತಾರೆ. ಈ ಮೋಸ ನಡೆಯುವುದು ಹೇಗೆ, ಮನೆಯಲ್ಲೇ ಕೂತು ಅದನ್ನು ಪತ್ತೆ ಹಚ್ಚುವುದು ಹೇಗೆ ಎಂಬುದನ್ನು ಇಲ್ಲಿ ತಿಳಿಸುತ್ತಿದ್ದೇವೆ.

ಸೀಟು ಯಾರ ಕೈಯಲ್ಲಿದೆ?

ಇಪ್ಪತ್ತು ವರ್ಷದ ಹಿಂದೆ ಖಾಸಗಿ ಕಾಲೇಜಿನ ಆಡಳಿತ ಮಂಡಳಿಯೇ ತನ್ನ ಕೋಟಾದ ಸೀಟುಗಳನ್ನು ಹಂಚುತ್ತಿತ್ತು. ನಮ್ಮಲ್ಲಿ ಹಲವರಿಗೆ ನೆನಪಿರುವುದು ಆ ಕಾಲವೇ. ಏಜೆಂಟರು ಬಂಡವಾಳ ಮಾಡಿಕೊಳ್ಳುವುದೂ ಆ ನೆನಪನ್ನೇ. ಈಗ ವ್ಯವಸ್ಥೆ ಪೂರ್ತಿ ಬದಲಾಗಿದೆ. ಎಂ.ಬಿ.ಬಿ.ಎಸ್. ಸೀಟು ಯಾವುದೇ ಕೋಟಾದ್ದಾಗಿರಲಿ, ಎನ್ನಾರೈ ಸೀಟೇ ಆಗಿರಲಿ, ನೀಟ್‌ನಲ್ಲಿ ಅರ್ಹತೆ ಪಡೆದಿರಬೇಕು ಮತ್ತು ಸರ್ಕಾರಿ ಕೌನ್ಸೆಲಿಂಗ್ ಮೂಲಕವೇ ಸೀಟು ಹಂಚಿಕೆ ಆಗಬೇಕು.

ಕರ್ನಾಟಕದ ಖಾಸಗಿ ಮೆಡಿಕಲ್ ಕಾಲೇಜುಗಳ ಸೀಟು, ಎನ್ನಾರೈ ಕೋಟಾ ಸೇರಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆ.ಇ.ಎ.) ಕೌನ್ಸೆಲಿಂಗ್‌ನಲ್ಲಿ ಹಂಚಿಕೆಯಾಗುತ್ತದೆ. ಮಣಿಪಾಲ, ಮಂಗಳೂರು, ಮೈಸೂರು, ಬೆಳಗಾವಿ ಮುಂತಾದ ಕಡೆ ಇರುವ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನು ದೆಹಲಿಯ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ (ಎಂ.ಸಿ.ಸಿ.) ಹಂಚುತ್ತದೆ. ಕೊನೆಗೆ ಉಳಿದ ಸೀಟುಗಳ ‘ಸ್ಟ್ರೇ ವೇಕೆನ್ಸಿ’ ಸುತ್ತು ಕೂಡ ಇವರ ಮೂಲಕವೇ ಆನ್‌ಲೈನಿನಲ್ಲಿ ನಡೆಯುತ್ತದೆ. ಹಾಗಾಗಿ “ಕೊನೆಯಲ್ಲಿ ಕಾಲೇಜಿನವರೇ ಕೊಡುವ ಸ್ಪಾಟ್ ಸೀಟು ಇದೆ” ಎಂದು ಯಾರಾದರೂ ಹೇಳಿದರೆ ಅಲ್ಲೇ ಮಾತು ಮುಗಿಸಬಹುದು.

ಕೌನ್ಸೆಲಿಂಗ್ ಬಿಟ್ಟು ಹೊರಗಿನಿಂದ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಪ್ರದೇಶದ ಒಂದು ಖಾಸಗಿ ಕಾಲೇಜಿನ ಪ್ರಕರಣವೇ ಸಾಕ್ಷಿ. 2016-17ರಲ್ಲಿ ಆ ಕಾಲೇಜು ಕೇಂದ್ರೀಕೃತ ಕೌನ್ಸೆಲಿಂಗ್ ಬಿಟ್ಟು ತಾನೇ 67 ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಅವರನ್ನು ಕೈಬಿಡಿ ಎಂದು ಆಗಿನ ಭಾರತೀಯ ವೈದ್ಯಕೀಯ ಮಂಡಳಿ 2017ರಲ್ಲೇ ಸೂಚಿಸಿತ್ತು. ಮೊಕದ್ದಮೆ ಎಳೆಯುತ್ತಾ ಹೋಗಿ 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ವಿದ್ಯಾರ್ಥಿಗಳ ಮನವಿಯನ್ನು ತಳ್ಳಿಹಾಕಿತು. ಅಷ್ಟರಲ್ಲಿ ಮಕ್ಕಳ ನಾಲ್ಕು ವರ್ಷ ಕಳೆದಿತ್ತು. ದುಡ್ಡು ಹೋದರೆ ಮತ್ತೆ ದುಡಿಯಬಹುದು, ಕಳೆದ ವರ್ಷಗಳನ್ನು ಯಾರು ತಂದುಕೊಡುತ್ತಾರೆ?

ಏಜೆಂಟರ ಲೆಕ್ಕಾಚಾರ

ಹಾಗಾದರೆ “ನಮ್ಮ ಪರಿಚಯದವರಿಗೆ ಏಜೆಂಟನೇ ಸೀಟು ಕೊಡಿಸಿದ್ದಾನಲ್ಲ” ಎಂದು ಹಲವರು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಇಡೀ ಮೋಸದ ಗುಟ್ಟು ಬಿಟ್ಟಂತೆ. ಏಜೆಂಟನಿಗೆ ಸೀಟು ಕೊಡಿಸುವ ಶಕ್ತಿ ಇಲ್ಲ. ಅವನು ನಿಮ್ಮ ಮಗುವಿನ ಅಂಕದ ಮೇಲೆ ಜೂಜಾಡುತ್ತಾನೆ.

ಒಂದು ಲೆಕ್ಕ ಹಾಕಿ ನೋಡೋಣ. 2025ರ ನೀಟ್‌ನಲ್ಲಿ ಸಾಮಾನ್ಯ ವರ್ಗದ ಅರ್ಹತಾ ಅಂಕ 720ಕ್ಕೆ 144 ಇತ್ತು. ಎನ್ನಾರೈ ಸೀಟಿನ ಶುಲ್ಕ ಬಹಳ ಹೆಚ್ಚು. ಅಷ್ಟು ಕಟ್ಟಬಲ್ಲ ಅರ್ಜಿದಾರರು ಕಡಿಮೆ ಇರುವುದರಿಂದ ಅರ್ಹತಾ ಅಂಕಕ್ಕಿಂತ ಅಷ್ಟೇನೂ ಮೇಲಿಲ್ಲದವರಿಗೂ ಕೆಲವು ಕಾಲೇಜುಗಳಲ್ಲಿ ಈ ಸೀಟು ಸಿಗುವುದುಂಟು. ಇದು ಏಜೆಂಟನಿಗೆ ಚೆನ್ನಾಗಿ ಗೊತ್ತು. ಅವನು 180, 210, 250 ಹೀಗೆ ಅಂಕ ಪಡೆದ ಹತ್ತು ಮಕ್ಕಳ ತಂದೆತಾಯಿಯರಿಂದ ತಲಾ 8 ಲಕ್ಷ ರೂಪಾಯಿ ‘ಟೋಕನ್’ ತೆಗೆದುಕೊಂಡ ಎಂದಿಟ್ಟುಕೊಳ್ಳಿ. ಒಟ್ಟು 80 ಲಕ್ಷ. ನಂತರ ಎಲ್ಲರ ಹೆಸರಿನಲ್ಲೂ ಕೌನ್ಸೆಲಿಂಗ್‌ಗೆ ಮಾಮೂಲಿಯಾಗಿ ಅರ್ಜಿ ಹಾಕುತ್ತಾನೆ. ಆರು ಮಕ್ಕಳಿಗೆ ತಮ್ಮ ರ‍್ಯಾಂಕಿನ ಬಲದಿಂದಲೇ ಸೀಟು ಬರುತ್ತದೆ. ಆ ಆರು ಮನೆಯವರು “ಪಾಪ, ಮಾತು ಉಳಿಸಿಕೊಂಡ” ಎಂದು 48 ಲಕ್ಷವನ್ನು ಸಂತೋಷದಿಂದ ಬಿಟ್ಟುಕೊಡುತ್ತಾರೆ, ಜೊತೆಗೆ ನಾಲ್ಕು ಜನರಿಗೆ ಅವನ ನಂಬರನ್ನೂ ಕೊಡುತ್ತಾರೆ. ಸೀಟು ಸಿಗದ ನಾಲ್ವರಿಗೆ “ಮುಂದಿನ ಸುತ್ತು ನೋಡೋಣ, ಮ್ಯಾನೇಜ್‌ಮೆಂಟಿಗೆ ಇನ್ನಷ್ಟು ಕೊಡಬೇಕು” ಎಂಬ ಸಬೂಬು. ಬಹಳ ಜೋರು ಮಾಡಿದವರಿಗೆ ಅರ್ಧ ವಾಪಸು ಬರಬಹುದು, ಉಳಿದವರಿಗೆ ಫೋನು ಸ್ವಿಚ್ ಆಫ್.

ಆದ್ದರಿಂದ ನಿಮ್ಮ ಸ್ನೇಹಿತರ ಮಗನಿಗೆ ಏಜೆಂಟನ ಮೂಲಕ ಸೀಟು ಬಂತೆಂದರೆ, ಅದೇ ಸೀಟು ಅವನಿಲ್ಲದೆಯೂ ಬರುತ್ತಿತ್ತು ಎಂದೇ ತಿಳಿಯಿರಿ. ಹಿಂದಿನ ವರ್ಷ ಯಾವ ಕಾಲೇಜಿನ ಎನ್ನಾರೈ ಸೀಟು ಯಾವ ರ‍್ಯಾಂಕಿಗೆ ಮುಗಿಯಿತು ಎಂಬುದು ಎಂ.ಸಿ.ಸಿ. ಮತ್ತು ಕೆ.ಇ.ಎ. ಪ್ರಕಟಿಸುವ ಹಂಚಿಕೆ ಪಟ್ಟಿಗಳಲ್ಲಿದೆ. ಒಂದು ಸಂಜೆ ಕೂತು ಅದನ್ನು ನೋಡಿದರೆ ಏಜೆಂಟನಿಗೆ ಗೊತ್ತಿರುವುದೆಲ್ಲ ನಿಮಗೂ ಗೊತ್ತಾಗುತ್ತದೆ.

ಇನ್ನೊಂದು ವಿಷಯ. “ಪಾಸ್‌ವರ್ಡ್, ಒ.ಟಿ.ಪಿ. ಕೊಡಿ, ಎಲ್ಲ ನಾವೇ ನೋಡಿಕೊಳ್ಳುತ್ತೇವೆ” ಎಂದರೆ ಕೊಡಬೇಡಿ. ಡೀಮ್ಡ್ ಕೌನ್ಸೆಲಿಂಗ್‌ಗೆ 2 ಲಕ್ಷ ರೂಪಾಯಿ ಠೇವಣಿ ಕಟ್ಟಬೇಕಾಗುತ್ತದೆ. ಅದು ಮರಳುವಾಗ ಯಾವ ಖಾತೆಯಿಂದ ಕಟ್ಟಿತ್ತೋ ಅದೇ ಖಾತೆಗೆ ಹೋಗುತ್ತದೆ. ನಿಮ್ಮಿಂದ ಹಣ ಪಡೆದು ಏಜೆಂಟ್ ತನ್ನ ಕಾರ್ಡಿನಿಂದ ಕಟ್ಟಿದ್ದರೆ ಠೇವಣಿಯೂ ಅವನ ಜೇಬಿಗೇ ಸೇರುತ್ತದೆ.

ನಕಲಿ ಪತ್ರಗಳನ್ನು ಗುರುತಿಸುವುದು

ಟೋಕನ್ ಕೊಟ್ಟ ಮೇಲೆ ವಾಟ್ಸಾಪಿನಲ್ಲಿ ಒಂದು ಪತ್ರ ಬರುತ್ತದೆ. ಕಾಲೇಜಿನ ಲಾಂಛನ, ಮೊಹರು, ಸಹಿ ಎಲ್ಲ ಅಚ್ಚುಕಟ್ಟಾಗಿರುತ್ತದೆ, ‘ಪ್ರಾವಿಷನಲ್ ಅಡ್ಮಿಷನ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಮೊಹರು ನೋಡಿ ಅಸಲಿಯೋ ನಕಲಿಯೋ ಹೇಳುವುದು ಸಾಧ್ಯವಿಲ್ಲ, ಅದರ ಅಗತ್ಯವೂ ಇಲ್ಲ. ಮೊದಲು ದಿನಾಂಕ ನೋಡಿ. ಹಂಚಿಕೆ ಫಲಿತಾಂಶಕ್ಕಿಂತ ಮುಂಚಿನ ದಿನಾಂಕದ ಪ್ರವೇಶ ಪತ್ರಕ್ಕೆ ಬೆಲೆಯೇ ಇಲ್ಲ. ಆಮೇಲೆ mcc.nic.in ತಾಣದಲ್ಲಿ ಆ ಸುತ್ತಿನ ಹಂಚಿಕೆ ಪಟ್ಟಿ ತೆರೆದು ನಿಮ್ಮ ಮಗುವಿನ ನೀಟ್ ರ‍್ಯಾಂಕ್ ಹುಡುಕಿ. ಅದರ ಮುಂದೆ ಕಾಲೇಜಿನ ಹೆಸರೂ ಕೋಟಾವೂ ಇರಬೇಕು. ಕೆ.ಇ.ಎ. ಸೀಟಾದರೆ cetonline.karnataka.gov.in ತಾಣದಲ್ಲಿ ನೀವೇ ಲಾಗಿನ್ ಆಗಿ ನೋಡಬೇಕು. ಅಲ್ಲಿ ಕಾಣದ ಸೀಟು ಎಲ್ಲಿಯೂ ಇಲ್ಲ.

ಕೆಲವೊಮ್ಮೆ ಕಾಲೇಜಿಗೇ ಅನುಮತಿ ಇರುವುದಿಲ್ಲ. “ಹೊಸ ಕಾಲೇಜು, ಅನುಮೋದನೆ ಇನ್ನೊಂದು ವಾರದಲ್ಲಿ ಬರುತ್ತದೆ” ಎನ್ನುತ್ತಾರೆ, ಅಥವಾ ಹಳೆಯ ಅನುಮತಿ ಪತ್ರದಲ್ಲಿ ವರ್ಷವನ್ನೋ ಸೀಟಿನ ಸಂಖ್ಯೆಯನ್ನೋ ತಿದ್ದಿ ತೋರಿಸುತ್ತಾರೆ. ವೈದ್ಯಕೀಯ ಮಂಡಳಿಯ ಜಾಗಕ್ಕೆ 2020ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿದೆ. nmc.org.in ತಾಣದಲ್ಲಿ ಕಾಲೇಜುಗಳ ಪಟ್ಟಿಯೂ ಪ್ರತಿಯೊಂದರ ಸೀಟುಗಳ ಸಂಖ್ಯೆಯೂ ಇದೆ. ಏಜೆಂಟ್ ಕಳಿಸಿದ ಲಿಂಕನ್ನು ಒತ್ತದೆ, ವಿಳಾಸವನ್ನು ನೀವೇ ಟೈಪ್ ಮಾಡಿ ನೋಡಿ. ಕಾಲೇಜು ಆ ಪಟ್ಟಿಯಲ್ಲಿದ್ದರೆ ಸಾಲದು, ಆ ವರ್ಷದ ಕೌನ್ಸೆಲಿಂಗ್‌ನ ಸೀಟ್ ಮ್ಯಾಟ್ರಿಕ್ಸ್‌ನಲ್ಲೂ ಅದರ ಎನ್ನಾರೈ ಸೀಟು ಇರಬೇಕು.

ಕೊನೆ ಗಳಿಗೆಯ ಡೊನೇಷನ್

ಸೀಟು ನ್ಯಾಯವಾಗಿ ಬಂದಿದ್ದರೂ ಒಂದು ಅಪಾಯ ಉಳಿದಿರುತ್ತದೆ. ಕಾಲೇಜಿಗೆ ಹಾಜರಾಗಲು ಕೆಲವೇ ದಿನಗಳ ಗಡುವು ಇರುತ್ತದೆ. ನೀವು ವಿಮಾನ ಹತ್ತಿ ಬಂದಿರುತ್ತೀರಿ, ನಾಳೆಗೆ ಗಡುವು ಮುಗಿಯುತ್ತದೆ. ಆಗ “ಅಭಿವೃದ್ಧಿ ನಿಧಿಗೆ ಇಷ್ಟು ಲಕ್ಷ ನಗದು ಕೊಡಿ, ಇಲ್ಲದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ” ಎಂಬ ಮಾತು ಬರಬಹುದು. ಸೀಟನ್ನು ಬೇರೆಯವರಿಗೆ ಕೊಡುವ ಅಧಿಕಾರ ಕಾಲೇಜಿಗಿಲ್ಲ ಎಂಬುದು ನಿಮಗೆ ನೆನಪಿರಲಿ. ಕರ್ನಾಟಕದಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು 1984ರ ಕಾಯಿದೆಯೇ ನಿಷೇಧಿಸಿದೆ. 2022ರ ಮೇ ತಿಂಗಳಲ್ಲಿ ಕರ್ನಾಟಕದ ಶುಲ್ಕ ನಿಗದಿಗೆ ಸಂಬಂಧಿಸಿದ ಪ್ರಕರಣದಲ್ಲೇ ಸುಪ್ರೀಂ ಕೋರ್ಟು, ಖಾಸಗಿ ಮೆಡಿಕಲ್ ಕಾಲೇಜುಗಳು ಶುಲ್ಕವನ್ನು ನಗದಾಗಿ ಪಡೆಯಬಾರದೆಂದು ಹೇಳಿತು.

ಹೊರಡುವ ಮುನ್ನವೇ ಕೌನ್ಸೆಲಿಂಗ್ ತಾಣದಲ್ಲಿ ಪ್ರಕಟವಾದ ಶುಲ್ಕದ ಪುಟವನ್ನು ಮುದ್ರಿಸಿಕೊಂಡು ಬನ್ನಿ. ಅದಕ್ಕಿಂತ ಹೆಚ್ಚು ಕೇಳಿದರೆ ಕಾಲೇಜಿನ ತಲೆಬರಹದ ಕಾಗದದ ಮೇಲೆ ಬರೆದು ಕೊಡಲು ಕೇಳಿ. ಬರೆದು ಕೊಡಲು ಒಪ್ಪದಿದ್ದರೆ, ನೀವು ಹಾಜರಾಗಿದ್ದೀರಿ, ಶುಲ್ಕ ಕಟ್ಟಲು ಸಿದ್ಧರಿದ್ದೀರಿ ಎಂದು ಅಂದೇ ಕಾಲೇಜಿಗೂ ಕೆ.ಇ.ಎ. ಅಥವಾ ಎಂ.ಸಿ.ಸಿ.ಗೂ ಇಮೇಲ್ ಕಳುಹಿಸಿ. ಗಡುವಿನೊಳಗೆ ಕಳುಹಿಸಿದ ಇಮೇಲ್ ಇಲ್ಲದಿದ್ದರೆ ನಿಮ್ಮ ಮಗು ಹಾಜರಾಗಲೇ ಇಲ್ಲವೆಂದು ಕಾಲೇಜು ತೋರಿಸಿಬಿಡಬಹುದು.

ನಿಮ್ಮ ಪಾಸ್‌ಪೋರ್ಟ್ ಕೇಳಿ ಬಂದರೆ

ಮಕ್ಕಳಿಲ್ಲದವರಿಗೂ, ಮಕ್ಕಳ ಓದು ಮುಗಿದವರಿಗೂ ಈ ಜಾಲ ತಟ್ಟದೇ ಇರುವುದಿಲ್ಲ. ಊರಿನಲ್ಲಿರುವ ಯಾರದೋ ಮಗುವಿಗೆ ನೀವು ಚಿಕ್ಕಪ್ಪನೆಂದೋ ಸೋದರಮಾವನೆಂದೋ ಪ್ರಾಯೋಜಕರಾಗಿ ಸಹಿ ಹಾಕಿ, ಪಾಸ್‌ಪೋರ್ಟಿನ ಪ್ರತಿ ಕೊಡಿ, ಒಂದಿಷ್ಟು ‘ಕಾಣಿಕೆ’ ಸಿಗುತ್ತದೆ ಎಂದು ಕೇಳುವವರಿದ್ದಾರೆ. ಯಾವ ಸಂಬಂಧಿಗಳು ಪ್ರಾಯೋಜಕರಾಗಬಹುದು ಎಂಬುದು ಆಯಾ ವರ್ಷದ ಮಾಹಿತಿ ಪುಸ್ತಕದಲ್ಲಿದೆ. ಇಲ್ಲದ ಸಂಬಂಧ ತೋರಿಸಿ ಅಫಿಡವಿಟ್ಟಿಗೆ ಸಹಿ ಹಾಕಿದರೆ ಸುಳ್ಳು ಪ್ರಮಾಣ ಮಾಡಿದವರು ನೀವೇ ಆಗುತ್ತೀರಿ, ಏಜೆಂಟನ ಹೆಸರು ಎಲ್ಲಿಯೂ ಇರುವುದಿಲ್ಲ. ಪಂಜಾಬ್ ಸರ್ಕಾರ 2024ರಲ್ಲಿ ದೂರದ ಸಂಬಂಧಿಗಳಿಗೂ ಎನ್ನಾರೈ ಕೋಟಾ ವಿಸ್ತರಿಸಲು ಹೊರಟಾಗ ಅಲ್ಲಿನ ಹೈಕೋರ್ಟು ರದ್ದು ಮಾಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಮೋಸವೆಂದೇ ಕರೆದು ಸರ್ಕಾರದ ಮೇಲ್ಮನವಿಯನ್ನು ತಿರಸ್ಕರಿಸಿತು.

ಹಣ ಕೊಟ್ಟಾಗಿದ್ದರೆ

ನಾಚಿಕೆಯಿಂದ ಸುಮ್ಮನಿರಬೇಡಿ. ಅಂದೇ ಬ್ಯಾಂಕಿಗೆ ತಿಳಿಸಿ, cybercrime.gov.in ತಾಣದಲ್ಲಿ ದೂರು ದಾಖಲಿಸಿ. ಭಾರತದಲ್ಲಿರುವ ನಿಮ್ಮವರು 1930ಕ್ಕೆ ಕರೆ ಮಾಡಬಹುದು. ಹಣ ಇನ್ನೂ ಆ ಖಾತೆಯಲ್ಲೇ ಇದ್ದರೆ ತಡೆಹಿಡಿಯುವ ಅವಕಾಶ ಇರುತ್ತದೆ, ತಡವಾದಷ್ಟೂ ಅದು ಕೈಜಾರುತ್ತದೆ. ವಾಟ್ಸಾಪ್ ಸಂದೇಶ, ರಸೀದಿ, ಖಾತೆ ಸಂಖ್ಯೆ ಒಂದನ್ನೂ ಅಳಿಸಬೇಡಿ. ನಗದು ಕೊಟ್ಟಿದ್ದರೆ ಯಾವತ್ತು, ಎಲ್ಲಿ, ಯಾರ ಎದುರಿಗೆ ಎಂಬುದನ್ನು ಮರೆಯುವ ಮುನ್ನ ಬರೆದಿಡಿ.

ಬಂಧುಗಳೇ, ಈ ಬಗೆಯ ಫೋನು ಬಂದಾಗ ಒಂದೇ ಪ್ರಶ್ನೆ ಕೇಳಿ: “ಈ ಸೀಟು ಯಾವ ಸುತ್ತಿನ ಹಂಚಿಕೆ ಪಟ್ಟಿಯಲ್ಲಿ ಬರುತ್ತದೆ? ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಕಾಲೇಜಿನ ಖಾತೆಗೇ ಕಟ್ಟುತ್ತೇನೆ, ಆಗಬಹುದೇ?” ಏಜೆಂಟ್ ಇದಕ್ಕೆ ಒಪ್ಪಲಾರ. ಪಟ್ಟಿ ಬಂದ ಮೇಲೆ ಅವನ ಕೈಯಲ್ಲಿ ಮಾರಲು ಏನೂ ಉಳಿಯುವುದಿಲ್ಲ.