‘ಇಲ್ಲಿಯವರೆಗೆ’: ಏನು ಹೇಳಬೇಕು, ಏನು ಬಿಡಬೇಕು?

ವಾರಪತ್ರಿಕೆಯ ಧಾರಾವಾಹಿಯ ತಲೆಯ ಮೇಲೆ ‘ಇಲ್ಲಿಯವರೆಗೆ’ ಎಂಬ ಪುಟ್ಟ ಚೌಕ ಇರುವುದುಂಟು. ಐದಾರು ವಾರ ಸಂಚಿಕೆ ತಪ್ಪಿಸಿಕೊಂಡವರು ಮೊದಲು ಹುಡುಕುವುದು ಅದನ್ನೇ. ಅದನ್ನು ಬರೆಯುವವರಿಗೆ ಸಿಗುವುದು ಕೆಲವೇ ಸಾಲು. ಅಷ್ಟರೊಳಗೆ ಮದುವೆ, ಜಗಳ, ಸಾವು, ಆಸ್ತಿ ಪಾಲು ಎಂದು ಆದದ್ದನ್ನೆಲ್ಲ ಸಾಲಾಗಿ ಪೋಣಿಸಿಬಿಡುವುದು ರೂಢಿ. ಏನೇನು ನಡೆಯಿತೆಂದು ಓದುಗರಿಗೆ ತಿಳಿಯುತ್ತದೆ, ನಿಜ. ಆದರೆ ಈ ವಾರ ಬಾಗಿಲು ಬಡಿದ ಸದ್ದಿಗೆ ಆ ಹುಡುಗಿ ಯಾಕೆ ಬೆಚ್ಚಿದಳು ಎಂಬುದು ಮಾತ್ರ ತಿಳಿಯುವುದಿಲ್ಲ.

ಇದರ ಕಷ್ಟ ಎಷ್ಟೆಂದು ನೋಡಲು ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಒಳ್ಳೆಯ ಉದಾಹರಣೆ. ಅವನದೇ ವಾರಪತ್ರಿಕೆಯಲ್ಲಿ 1860ರ ಡಿಸೆಂಬರಿನಿಂದ 1861ರ ಆಗಸ್ಟ್‌ವರೆಗೆ ಬಂದ ಕಾದಂಬರಿ ಅದು. ಮೊದಲ ಅಧ್ಯಾಯದಲ್ಲೇ ಪಿಪ್ ಎಂಬ ಹುಡುಗನನ್ನು ಸ್ಮಶಾನದಲ್ಲಿ ಒಬ್ಬ ಕೈದಿ ಹಿಡಿದು, ಕಾಲಿನ ಬೇಡಿ ಕತ್ತರಿಸಲು ಅರ ಮತ್ತು ಹೊಟ್ಟೆಗೆ ಊಟ ತರಿಸಿಕೊಳ್ಳುತ್ತಾನೆ. ಮುಂದೆ ಹೆಸರು ಹೇಳದ ಯಾರೋ ಪಿಪ್‌ನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಲು ಹಣ ಕಳಿಸುತ್ತಾರೆ. ಐದು ತಿಂಗಳು ದಾಟಿದ ಮೇಲೆ, 39ನೇ ಅಧ್ಯಾಯದಲ್ಲಿ, ಆ ಹಣ ಯಾರದೆಂದು ಬಯಲಾಗುತ್ತದೆ. ಅದು ಆ ಕೈದಿಯದೇ.

ಈಗ ಆ ವಾರದ ಸಂಚಿಕೆಗೆ ನೀವೇ ಚೌಕ ಬರೆಯಬೇಕಾಗಿದೆ ಎಂದುಕೊಳ್ಳಿ. ‘ಚಿಕ್ಕಂದಿನಲ್ಲಿ ಪಿಪ್ ಒಬ್ಬ ಕೈದಿಗೆ ಊಟ ಕೊಟ್ಟಿದ್ದ’ ಎಂದು ಬರೆದರೆ ಮುಗಿಯಿತು. ಎಂದೋ ಕಣ್ಮರೆಯಾದವನನ್ನು ಇವತ್ತೇ ಯಾಕೆ ಎತ್ತಿದರು ಎಂದು ಚುರುಕು ಓದುಗರು ಎರಡನೇ ಪ್ಯಾರಾಕ್ಕೆ ಬರುವ ಮೊದಲೇ ಗುಟ್ಟು ಹಿಡಿದಿರುತ್ತಾರೆ. ಬರೆಯದೆ ಬಿಟ್ಟರೆ ಮರೆತವರಿಗೆ ಬಂದವನು ಯಾರೆಂದೇ ಗೊತ್ತಾಗದು. ನನ್ನ ಮಟ್ಟಿಗೆ ಉತ್ತರ ಇಷ್ಟು: ಚೌಕದಲ್ಲಿ ಪಿಪ್‌ನ ಸದ್ಯದ ಸ್ಥಿತಿ ಮಾತ್ರ ಇರಲಿ, ಕೈದಿಯ ನೆನಪು ಕಥೆಯೊಳಗಿಂದಲೇ ಬರಲಿ. ನಾನಾದರೆ ಹೀಗೆ ಬರೆಯುತ್ತಿದ್ದೆ:

‘ಅಕ್ಕ ಮತ್ತು ಕಮ್ಮಾರ ಭಾವ ಜೋ ಅವರ ಮನೆಯಲ್ಲಿ ಬೆಳೆದ ಪಿಪ್‌ಗೆ ಯಾರದೋ ಕೃಪೆಯಿಂದ ಹಣ ಬಂದಿದೆ. ಸುದ್ದಿ ತಂದವನು ಶ್ರೀಮಂತೆ ಮಿಸ್ ಹ್ಯಾವಿಶಮ್‌ಳ ವಕೀಲ ಜ್ಯಾಗರ್ಸ್. ಆಕೆಯ ಸಾಕುಮಗಳು ಎಸ್ಟೆಲಾಳಲ್ಲಿ ಪಿಪ್‌ನ ಮನಸ್ಸು ನೆಟ್ಟಿದೆ. ಲಂಡನ್ ಸೇರಿ, ಸಾಲ ಮಾಡಿಕೊಂಡಿರುವ ಅವನು ಜೋನನ್ನು ದೂರ ಇಟ್ಟಿದ್ದಾನೆ.’

ಹ್ಯಾವಿಶಮ್ಮಳೇ ಹಣ ಕೊಟ್ಟವಳು ಎಂದು ಇದು ಹೇಳುವುದಿಲ್ಲ, ಅದು ಸುಳ್ಳಾಗುತ್ತಿತ್ತು. ‘ಹಾಗೆಂದು ಪಿಪ್ ನಂಬಿದ್ದಾನೆ’ ಎಂದೂ ಇಲ್ಲ. ಆ ಒಂದು ಮಾತೇ ಓದುಗರಲ್ಲಿ ಅನುಮಾನ ಬಿತ್ತುತ್ತದೆ. ವಕೀಲ ಒಬ್ಬನೇ ಎಂಬ ಸಂಗತಿಯನ್ನಷ್ಟೇ ಇಟ್ಟರೆ ಪಿಪ್ ಎಡವಿದಲ್ಲೇ ಓದುಗರೂ ಎಡವುತ್ತಾರೆ. ಕಥೆಗೆ ಬೇಕಾದದ್ದು ಅದೇ.

ಕೈದಿಯ ನೆನಪಿಗೆ ಡಿಕನ್ಸ್ ತಿಂಗಳುಗಳ ಹಿಂದಿನಿಂದಲೇ ಸಿದ್ಧತೆ ಮಾಡಿಕೊಂಡಿದ್ದ. 10ನೇ ಅಧ್ಯಾಯದಲ್ಲಿ ಹೆಂಡದಂಗಡಿಗೆ ಬಂದ ಅಪರಿಚಿತನೊಬ್ಬ ಅದೇ ಅರದಿಂದ ತನ್ನ ರಮ್ ಕಲಕುತ್ತಾನೆ, ಹೋಗುವಾಗ ಪಿಪ್‌ಗೆ ಒಂದು ಪೌಂಡಿನ ಎರಡು ನೋಟು ಕೊಟ್ಟುಹೋಗುತ್ತಾನೆ. 28ನೇ ಅಧ್ಯಾಯದಲ್ಲಿ ಪಿಪ್ ಹೋಗುವ ಗಾಡಿಯಲ್ಲೇ ಇಬ್ಬರು ಕೈದಿಗಳಿರುತ್ತಾರೆ, ಆ ನೋಟುಗಳ ಮಾತು ಅವನ ಕಿವಿಗೆ ಬೀಳುತ್ತದೆ. ಒಂದೆರಡನ್ನು ತಪ್ಪಿಸಿಕೊಂಡವರಿಗೂ ಇನ್ನೊಂದು ಸಿಕ್ಕಿರುತ್ತದೆ. ಕೊನೆಗೆ ಮಳೆಗಾಳಿಯ ಆ ರಾತ್ರಿ ಮನೆಗೆ ಬಂದ ಮುದುಕ ಅರ ತೋರಿಸಿ, ಕೊರಳ ವಸ್ತ್ರವನ್ನು ತಲೆಗೆ ಸುತ್ತಿ, ಎರಡೂ ಕೈಯಿಂದ ತನ್ನನ್ನೇ ಅಪ್ಪಿಕೊಂಡು ನಡುಗುತ್ತ ಕೋಣೆಯಲ್ಲಿ ಹೆಜ್ಜೆ ಹಾಕುತ್ತಾನೆ. ಇದ್ಯಾವುದೂ ಬೇಕಿರಲಿಲ್ಲ, ಅದಕ್ಕೆ ಮೊದಲೇ ಗುರುತು ಸಿಕ್ಕಿತ್ತು ಎನ್ನುತ್ತಾನೆ ಪಿಪ್. ಅವನಿಗೆ ಬೇಡವಾಗಿತ್ತು ಸರಿ, ಓದುಗರಿಗೆ ಬೇಕಿತ್ತಲ್ಲ!

ಇದೇ ಕೆಲಸವನ್ನು ಸೋಮಾರಿತನದಿಂದ ಮಾಡಿದರೆ ಹೇಗಿರುತ್ತದೆಂದು ನಮಗೆಲ್ಲ ಗೊತ್ತು. ‘ಅತ್ತಿಗೆ, ಹೋದ ವರ್ಷ ಗದ್ದೆ ಮಾರಿ ಹುಬ್ಬಳ್ಳಿಗೆ ಹೋದ ನಿಮ್ಮ ತಮ್ಮ ರಾಮಣ್ಣ ಬಂದಿದ್ದಾನೆ!’ ಸ್ವಂತ ತಮ್ಮ ಯಾರೆಂದು ಅತ್ತಿಗೆಗೆ ಯಾರೂ ಹೀಗೆ ಪರಿಚಯಿಸುವುದಿಲ್ಲ. ಕೇಳುವವರಿಗೆ ಗೊತ್ತಿರುವುದನ್ನೇ ಪಾತ್ರ ಹೇಳತೊಡಗಿದರೆ ಲೇಖಕರು ಅವರ ತಲೆಯ ಮೇಲಿಂದ ನಮ್ಮತ್ತ ಮಾತಾಡುತ್ತಿದ್ದಾರೆ ಎಂದೇ ಅರ್ಥ.

ಹಳೆಯ ಚೌಕದ ಕೊನೆಗೆ ಒಂದೊಂದೇ ವಾಕ್ಯ ಸೇರಿಸುತ್ತ ಹೋಗುವ ಅಭ್ಯಾಸವೂ ಕೆಟ್ಟದ್ದು. ಮರುವಾರದ ಪಿಪ್‌ಗೆ ಬೇರೆಯದೇ ಚೌಕ ಬೇಕು. ಈಗ ಕೈದಿಯೇ ಮೊದಲ ಸಾಲಿಗೆ ಬರುತ್ತಾನೆ, ಹಣ ಅವನದೆಂಬುದನ್ನೂ ಬಚ್ಚಿಡಬೇಕಾಗಿಲ್ಲ. ಹ್ಯಾವಿಶಮ್‌ಗೆ ಅರ್ಧ ವಾಕ್ಯ ಸಾಕು, ವಕೀಲನ ವಿಷಯ ಬಿಟ್ಟರೂ ನಡೆಯುತ್ತದೆ. ಆದರೆ ಹೊಸದೊಂದು ಸಂಗತಿ ತಪ್ಪದೆ ಇರಬೇಕು: ಅವನು ಜೀವಾವಧಿ ಗಡೀಪಾರಾದವನು, ಇಂಗ್ಲೆಂಡಿನಲ್ಲಿ ಸಿಕ್ಕಿಬಿದ್ದರೆ ಗಲ್ಲು. ಅದು ಗೊತ್ತಿಲ್ಲದಿದ್ದರೆ ಮುಂದಿನ ಪುಟಗಳಲ್ಲಿ ಪಿಪ್ ಅವನನ್ನು ಚಿಕ್ಕಪ್ಪನೆಂದು ಹೇಳಿ ಯಾಕೆ ಮುಚ್ಚಿಡುತ್ತಾನೆ ಎಂಬುದೇ ಅರ್ಥವಾಗದು.